ಮಗ್ರಿಬ್-ಇಶಾ ನಡುವಿನ ನಾಲ್ಕು ನಿಮಿಷ

ಪರೀಕ್ಷೆ ಹತ್ತಿರ ಬಂದಾಗ ನಂದಿಕೂರು, ಪಡುಬಿದ್ರೆ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳು ಓದಲು ಕೂರುವುದು ಹೆಚ್ಚಾಗಿ ಮಗ್ರಿಬ್ ಮತ್ತು ಇಶಾ ನಡುವೆ. ಸಿಗುವುದು ಒಂದು ಗಂಟೆ ಚಿಲ್ಲರೆ. ಅದರಲ್ಲಿ ಅರ್ಧ ಗಂಟೆ ಓದಿದ ಕೂಡಲೇ 'ಐದು ನಿಮಿಷ ರೆಸ್ಟ್ ಉಮ್ಮಾ' ಅಂತ ಕೈ ಮೊಬೈಲಿಗೆ ಹೋಗುತ್ತದೆ. ರೆಸ್ಟ್ ಬೇಕು, ಸರಿ. ಆದರೆ ಮೊಬೈಲ್ ರೆಸ್ಟ್ ಅಲ್ಲ ಎನ್ನುವುದೇ ನಮ್ಮ ಮಾತು.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 414 ವಿದ್ಯಾರ್ಥಿಗಳಿಗೆ ಪದಗಳ ಒಗಟು ಕೊಟ್ಟು ನೋಡಿ, ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿದರು. ಕೆಲವರ ವಿರಾಮ ಮೊಬೈಲಿನಲ್ಲಿ, ಕೆಲವರದ್ದು ಕಾಗದ ಅಥವಾ ಕಂಪ್ಯೂಟರಿನಲ್ಲಿ, ಇನ್ನು ಕೆಲವರಿಗೆ ವಿರಾಮವೇ ಇಲ್ಲ. ಮೊಬೈಲ್ ಹಿಡಿದವರು ಹೆಚ್ಚುಕಡಿಮೆ ವಿರಾಮ ಸಿಗದವರಷ್ಟೇ ದಣಿದವರಂತೆ ಒಗಟು ಬಿಡಿಸಿದರು. ಕಾರಣ ಊಹಿಸುವುದು ಕಷ್ಟವಲ್ಲ. ಓದಿದ ಮೆಸೇಜಿಗೆ ಏನು ಉತ್ತರ ಕೊಡುವುದು ಎನ್ನುವ ಯೋಚನೆ ಪುಸ್ತಕ ತೆರೆದ ಮೇಲೂ ತಲೆಯಲ್ಲಿ ಉಳಿಯುತ್ತದೆ.

ಹಾಗಾದರೆ ಏನು ಮಾಡುವುದು? 25 ನಿಮಿಷ ಗಣಿತ ಮಾಡಿದ ಮೇಲೆ, ಏಳುವ ಮೊದಲು, ಮುಂದೆ ಮಾಡಬೇಕಾದ ಲೆಕ್ಕ ಯಾವುದು ಎಂದು ಒಂದು ಸಾಲು ಬರೆದಿಡಲಿ. ಆಮೇಲೆ ಎದ್ದು ನಿಂತು, ಬೆರಳು ಹೆಣೆದು ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಹತ್ತು ಎಣಿಸಲಿ. ಭುಜವನ್ನು ಹಿಂದಕ್ಕೆ ಐದು ಸಲ ತಿರುಗಿಸಲಿ. ಕಿಟಕಿಯಿಂದ ದೂರಕ್ಕೆ ನೋಡುತ್ತಾ ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರು ಎಳೆದು, ಆರು ಎಣಿಸುವಷ್ಟು ನಿಧಾನ ಬಿಡಲಿ. ಹೀಗೆ ಹತ್ತು ಸಲ. ಒಟ್ಟು ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಮತ್ತೆ 25 ನಿಮಿಷ ವಿಜ್ಞಾನ ಓದುವಷ್ಟರಲ್ಲಿ ಇಶಾ ಬಾಂಗ್ ಆಗುತ್ತದೆ.

ತಪ್ಪುವುದು ಎರಡು ಕಡೆ. ಬೇಗ ಬೇಗ ಜೋರಾಗಿ ಉಸಿರೆಳೆದರೆ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಆಗ ಬಿಟ್ಟು ಮಾಮೂಲಿ ಉಸಿರಾಡಬೇಕು. ಇನ್ನೊಂದು, ಸಮಯ ನೋಡಲಿಕ್ಕೆ ಅಂತ ಮೊಬೈಲ್ ಇಟ್ಟುಕೊಳ್ಳುವುದು. ಗೋಡೆ ಗಡಿಯಾರ ಸಾಕು. ತೂಕಡಿಕೆ ಬರುತ್ತಿದ್ದರೆ ಉಸಿರಿನ ಅಭ್ಯಾಸ ಬೇಡ, ಅಂಗಳದಲ್ಲಿ ನಡೆಯಲಿ. ರಾತ್ರಿ ನಿದ್ದೆ ಕೆಟ್ಟಿದ್ದರೆ ಇದ್ಯಾವುದೂ ಅದನ್ನು ತುಂಬುವುದಿಲ್ಲ.

ನಮಾಝ್ ಇಬಾದತ್, ಅದನ್ನು ವ್ಯಾಯಾಮ ಎಂದು ನಾವು ಹೇಳುವುದಿಲ್ಲ. ಆದರೆ ವುಝೂ ಮಾಡಿ ಮೊಬೈಲ್ ಬದಿಗಿಟ್ಟು ನಿಲ್ಲುವ ರೂಢಿ ನಮ್ಮ ಮಕ್ಕಳಿಗೆ ಹೊಸತಲ್ಲ.

ಕಷ್ಟ ಇರುವುದು ದೊಡ್ಡವರಲ್ಲಿ. ಎಷ್ಟೋ ಮನೆಗಳಲ್ಲಿ ಗಲ್ಫ್‌ನಿಂದ ಉಪ್ಪಾನ ಕಾಲ್ ಬರುವುದೇ ಈ ಹೊತ್ತಿಗೆ. 'ಮಾತಾಡು' ಅಂತ ನಾವೇ ಮೊಬೈಲನ್ನು ಮಕ್ಕಳ ಕೈಗೆ ಕೊಡುತ್ತೇವೆ. ಆ ಕಾಲ್ ಇಶಾ ನಂತರ, ಎಂಟೂವರೆಗೆ ಇರಲಿ. ಆಗ ದುಬೈಯಲ್ಲಿ ಏಳು ಗಂಟೆ, ರಿಯಾದ್‌ನಲ್ಲಿ ಆರು. ಅಲ್ಲಿಯವರೆಗೆ ಮೊಬೈಲ್ ಉಮ್ಮಾನ ಹತ್ತಿರ, ಅಡುಗೆ ಕೋಣೆಯಲ್ಲಿರಲಿ.