ಪ್ರತಿ ಪ್ಯಾರಾಕ್ಕೂ ಒಂದೇ ಅಚ್ಚು ಯಾಕೆ?

1/6
ನಮ್ಮ ಕೈಗೆ ಬರೋ ಮಾದರಿ ಪ್ರಬಂಧಗಳನ್ನ ಒಮ್ಮೆ ಸಾಲಾಗಿ ಇಟ್ಟು ಓದಿ ನೋಡಿ. ವಿಷಯ ಗ್ರಂಥಾಲಯ ಇರಲಿ, ಕೆರೆ ಇರಲಿ, ಮೊಬೈಲ್ ಇರಲಿ, ಪ್ಯಾರಾ ಮಾತ್ರ ಒಂದೇ ಥರ. ಮೊದಲ ವಾಕ್ಯ "ಇದು ಬಹಳ ಮುಖ್ಯ" ಅನ್ನುತ್ತೆ. ಆಮೇಲೆ ಮೊದಲನೆಯದಾಗಿ, ಎರಡನೆಯದಾಗಿ, ಮೂರನೆಯದಾಗಿ. ಕೊನೆಗೆ "ಹೀಗೆ ಇದು ಬಹಳ ಮುಖ್ಯವಾಗಿದೆ". ಮುಂದಿನ ಪ್ಯಾರಾ? ಅದೂ ಹಾಗೇ.

ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇರಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ. ಅದು ಇಡೀ ಪ್ರಬಂಧದ ಮಾತು. ನನ್ನ ಜಗಳ ಇರೋದು ಪ್ರತಿ ಪ್ಯಾರಾದ ಹೊಟ್ಟೆಯೊಳಗೂ ಒಂದು ಪುಟ್ಟ ಪೀಠಿಕೆ, ಒಂದು ಪುಟ್ಟ ಉಪಸಂಹಾರ ತುರುಕೋದರ ಮೇಲೆ. ಅದು ಬರವಣಿಗೆಯನ್ನ ಬೋರು ಮಾಡೋದಷ್ಟೇ ಅಲ್ಲ, ನಮ್ಮ ಯೋಚನೆಯನ್ನೇ ನಿಲ್ಲಿಸುತ್ತೆ ಅನ್ನೋದು ನನ್ನ ವಾದ.

2/6
ಆ ಅಚ್ಚಿನಲ್ಲೇ ಒಂದು ಪ್ಯಾರಾ ಬರೆದಿದ್ದೀನಿ, ಓದಿ.

"ಕೆರೆಗಳು ನಮ್ಮ ಬದುಕಿಗೆ ಅತ್ಯಂತ ಮುಖ್ಯವಾಗಿವೆ. ಮೊದಲನೆಯದಾಗಿ, ಕೆರೆಗಳು ಕೃಷಿಗೆ ನೀರು ಒದಗಿಸುತ್ತವೆ. ಎರಡನೆಯದಾಗಿ, ಕೆರೆಗಳು ಅಂತರ್ಜಲವನ್ನು ಹೆಚ್ಚಿಸುತ್ತವೆ. ಮೂರನೆಯದಾಗಿ, ಕೆರೆಗಳು ಪಕ್ಷಿಗಳಿಗೆ ಆಶ್ರಯ ನೀಡುತ್ತವೆ. ಹೀಗೆ ಕೆರೆಗಳು ನಮ್ಮ ಬದುಕಿನಲ್ಲಿ ಮಹತ್ವದ ಸ್ಥಾನ ಪಡೆದಿವೆ."

ಕಾಗುಣಿತ ಸರಿ, ವ್ಯಾಕರಣ ಸರಿ, ಸುಳ್ಳು ಒಂದೂ ಇಲ್ಲ. ಈಗ ಎರಡು ಪರೀಕ್ಷೆ ಮಾಡೋಣ.

ಕೊನೇ ವಾಕ್ಯದ ಮೇಲೆ ಬೆರಳಿಟ್ಟು ಮುಚ್ಚಿ. ಏನಾದ್ರೂ ಕಳೆದುಹೋಯ್ತಾ? ಇಲ್ಲ. ಮೊದಲ ವಾಕ್ಯದ "ಮುಖ್ಯ" ಕೊನೇಲಿ "ಮಹತ್ವ" ಆಗಿದೆ, ಅಷ್ಟೇ.

ಇನ್ನು ನಡುವಿನ ಮೂರು ವಾಕ್ಯಗಳನ್ನ ಹಿಂದುಮುಂದು ಮಾಡಿ. ಪಕ್ಷಿ ಮೊದಲು, ಕೃಷಿ ಕೊನೆಗೆ. ಪ್ಯಾರಾಕ್ಕೆ ಏನೂ ಆಗಲಿಲ್ಲ ಅಲ್ವಾ? ಅಂದ್ರೆ ಆ ವಾಕ್ಯಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಬಸ್ ಸ್ಟಾಪಿನಲ್ಲಿ ಅಕ್ಕಪಕ್ಕ ನಿಂತ ಅಪರಿಚಿತರ ಥರ ನಿಂತಿವೆ. "ಆದ್ದರಿಂದ", "ಆದರೆ", "ಹಾಗಿದ್ದರೂ" ಅನ್ನೋ ಪದಗಳಿಗೆ ಅಲ್ಲಿ ಕೆಲಸವೇ ಇಲ್ಲ. ಆ ಪದಗಳಿಗೆ ಕೆಲಸ ಇಲ್ಲದ ಕಡೆ ವಾದವೂ ಇರಲ್ಲ.

3/6
ಸ್ವಲ್ಪ ಲೆಕ್ಕ ಹಾಕಿ. ಐದು ಪ್ಯಾರಾ, ಪ್ಯಾರಾಕ್ಕೆ ಐದು ವಾಕ್ಯ, ಒಟ್ಟು 25. ಮೊದಲ ಪ್ಯಾರಾ ಮುಂದೆ ಬರೋ ಮೂರು ಅಂಶಗಳನ್ನ ಹೇಳುತ್ತೆ, ಕೊನೇ ಪ್ಯಾರಾ ಅದನ್ನೇ ಮತ್ತೆ ಹೇಳುತ್ತೆ. ಅಲ್ಲಿಗೆ 10 ವಾಕ್ಯ ಹೋಯ್ತು. ನಡುವಿನ ಮೂರು ಪ್ಯಾರಾಗಳಲ್ಲಿ ಮೂರು ಸಾರಾಂಶದ ಸಾಲು, ಅದೂ ಪುನರಾವರ್ತನೆ. ಉಳಿದದ್ದು 12. ಅರ್ಧಕ್ಕಿಂತ ಹೆಚ್ಚು ಪ್ರಬಂಧ ಹೇಳಿದ್ದನ್ನೇ ಹೇಳೋದಕ್ಕೆ ಖರ್ಚು!

ಇದಕ್ಕಿಂತ ದೊಡ್ಡ ನಷ್ಟ ಆ "ಮೂರು" ಅನ್ನೋ ಸಂಖ್ಯೆಯದ್ದು. ನಿಮ್ಮ ಹತ್ರ ಒಂದೇ ಒಂದು ಗಟ್ಟಿ ಕಾರಣ ಇದೆ ಅಂದುಕೊಳ್ಳಿ. ಅದನ್ನೇ ಬಿಡಿಸಿ ಐದು ವಾಕ್ಯ ಬರೆದ್ರೆ ಓದುವವರಿಗೆ ಹೊಸದೇನೋ ಗೊತ್ತಾಗುತ್ತೆ. ಆದ್ರೆ ಅಚ್ಚು ಮೂರು ಕೇಳುತ್ತೆ. ಹಾಗಾಗಿ ಗಟ್ಟಿ ಕಾರಣಕ್ಕೆ ಒಂದೇ ಸಾಲು ಕೊಟ್ಟು, ಉಳಿದ ಎರಡು ಜಾಗಕ್ಕೆ ಯಾವ ವಿಷಯಕ್ಕೂ ಅಂಟೋ ಸಾಲು ಹುಡುಕ್ತೀವಿ. "ಸಮಾಜದ ಅಭಿವೃದ್ಧಿಗೆ ಸಹಕಾರಿ" ಅನ್ನೋ ಸಾಲು ಹುಟ್ಟೋದು ಇಲ್ಲೇ. ಅದನ್ನ ಕೆರೆಗೂ ಹಾಕಬಹುದು, ಕ್ರೀಡೆಗೂ ಹಾಕಬಹುದು, ಕಂಪ್ಯೂಟರಿಗೂ ಹಾಕಬಹುದು.

4/6
ಹಾಗಾದ್ರೆ ಬೇರೆ ಹೇಗೆ ಬರೀಬೇಕು? ಅದೇ ಕೆರೆ ವಿಷಯ, ಇನ್ನೊಂದು ಪ್ಯಾರಾ.

"2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಹೊತ್ತಿದ್ದು ನೀರಲ್ಲ, ಅಲ್ಲಿ ಬೆಳೆದು ಒಣಗಿದ್ದ ಕಳೆ ಮತ್ತು ಕಸ. ಆ ಕಳೆ ಅಷ್ಟು ದಟ್ಟವಾಗಿ ಬೆಳೆದದ್ದು ನಗರದ ಕೊಳಚೆ ನೀರು ಅದಕ್ಕೆ ಗೊಬ್ಬರದಂತೆ ಸಿಕ್ಕಿದ್ದರಿಂದ. ಮಳೆನೀರು ತರಬೇಕಾದ ರಾಜಕಾಲುವೆಗಳೇ ಆ ಕೊಳಚೆಯನ್ನೂ ಕೆರೆಗೆ ತಂದವು. ಆದ್ದರಿಂದ ಕೆರೆಯ ಸುತ್ತ ಬೇಲಿ ಹಾಕಿ ಕಳೆ ಕಿತ್ತರೆ ಸಾಲದು, ಕಾಲುವೆಯಲ್ಲಿ ಕೊಳಚೆ ಸೇರುವ ಜಾಗವನ್ನೇ ಹಿಡಿಯಬೇಕು."

ಇದೂ ಐದೇ ವಾಕ್ಯ. ಈಗ ಬೆರಳಿನ ಪರೀಕ್ಷೆ ಮಾಡಿ. ಕೊನೇ ಸಾಲು ಮುಚ್ಚಿದ್ರೆ ತೀರ್ಮಾನವೇ ಮಾಯ, ಯಾಕಂದ್ರೆ ಅದು ಮೊದಲ ಸಾಲಿನಲ್ಲಿ ಇರಲಿಲ್ಲ. ವಾಕ್ಯಗಳನ್ನ ಹಿಂದುಮುಂದು ಮಾಡಿದ್ರೆ "ಆ ಕಳೆ" ಅಂದ್ರೆ ಯಾವುದು, "ಆ ಕೊಳಚೆ" ಅಂದ್ರೆ ಯಾವುದು ಅಂತ ತಿಳಿಯಲ್ಲ. ಪ್ರತಿ ವಾಕ್ಯವೂ ಹಿಂದಿನ ವಾಕ್ಯದ ಕೈ ಹಿಡಿದು ನಡೆದಿದೆ. ಬೆಂಕಿಯಿಂದ ಹೊರಟು ಕಾಲುವೆಗೆ ಬಂದು ಮುಟ್ಟಿದ್ವಿ. ಮೊದಲನೇ ಪ್ಯಾರಾ ಎಲ್ಲಿ ಹೊರಟಿತ್ತೋ ಅಲ್ಲೇ ಕೂತಿತ್ತು.

5/6
"ಒಳ್ಳೆ ಲೇಖಕರೆಲ್ಲ ಹೀಗೇ ಬರೀತಾರೆ, ಮೊದಲ ವಾಕ್ಯದಲ್ಲೇ ವಿಷಯ ಹೇಳ್ತಾರೆ" ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಈ ನಿಯಮ ಇಂಗ್ಲಿಷ್ ರಚನಾ ಪಾಠಗಳಿಂದ ಬಂದದ್ದು. ಸ್ಕಾಟ್ಲೆಂಡಿನ ಪ್ರೊಫೆಸರ್ ಅಲೆಕ್ಸಾಂಡರ್ ಬೇಯ್ನ್ 1866ರಲ್ಲಿ, ಪ್ಯಾರಾದ ಮೊದಲ ವಾಕ್ಯ ಅದರ ವಿಷಯವನ್ನ ಸೂಚಿಸಬೇಕು ಅಂತ ಬರೆದ್ರು. ಮುಂದಿನ ಮಾತಿಗೆ ಹಾದಿ ಮಾಡಿಕೊಡೋ ವಾಕ್ಯವಾದ್ರೆ ವಿನಾಯಿತಿ ಅಂತಲೂ ಅವರೇ ಸೇರಿಸಿದ್ರು. ಅಚ್ಚು ಆ ವಿನಾಯಿತಿಯನ್ನ ಮರೆತುಬಿಟ್ಟಿದೆ.

1974ರಲ್ಲಿ ಅಮೆರಿಕದ ರಿಚರ್ಡ್ ಬ್ರ್ಯಾಡಕ್, ಪ್ರಸಿದ್ಧ ಪತ್ರಿಕೆಗಳಲ್ಲಿ ಬಂದ 25 ಲೇಖನಗಳನ್ನ ತಗೊಂಡು ಪ್ಯಾರಾ ಪ್ಯಾರಾ ಬಿಡಿಸಿ ನೋಡಿದ್ರು. ವಿಷಯ ಹೇಳೋ ವಾಕ್ಯದಿಂದಲೇ ಶುರುವಾದ ಪ್ಯಾರಾಗಳು ಸುಮಾರು 13% ಮಾತ್ರ. ಅವು ಇಂಗ್ಲಿಷ್ ಲೇಖನಗಳು, ಒಪ್ಪಿದೆ. ಆದ್ರೆ ಅಚ್ಚು ಬಂದ ಭಾಷೆಯ ಲೇಖಕರೇ ಅಚ್ಚನ್ನ ಪಾಲಿಸಿಲ್ಲ ಅಂದ್ಮೇಲೆ ಕನ್ನಡದಲ್ಲಿ ಬರೆಯೋ ನಮಗೆ ಯಾಕೆ ಈ ವ್ರತ?

6/6
"ಅದೆಲ್ಲ ಸರಿ, ಮಾರ್ಕ್ಸ್ ಕಥೆ ಏನು?" ಅಂತ ಕಾಮೆಂಟಿನಲ್ಲಿ ಕೇಳ್ತೀರಿ, ಗೊತ್ತು. ನ್ಯಾಯವಾದ ಪ್ರಶ್ನೆ. ಮೌಲ್ಯಮಾಪಕರ ಮುಂದೆ ಕಟ್ಟುಗಟ್ಟಲೆ ಉತ್ತರ ಪತ್ರಿಕೆ ಇರುತ್ತೆ, ಪ್ಯಾರಾ ಯಾವುದರ ಬಗ್ಗೆ ಅಂತ ಬೇಗ ತಿಳಿದ್ರೆ ಅವರಿಗೆ ಅನುಕೂಲ. ಆದ್ದರಿಂದ ವಿಷಯ ವಾಕ್ಯವನ್ನ ಮೊದಲೇ ಇಡಬೇಕು ಅನ್ನಿಸಿದ ಕಡೆ ಇಡಿ. ಏನೂ ಬರೆಯೋಕೆ ತೋಚದ ಮಕ್ಕಳಿಗೆ ಮೊದಮೊದಲು ಈ ಅಚ್ಚು ಊರುಗೋಲು ಆಗುತ್ತೆ, ಅದನ್ನೂ ಒಪ್ತೀನಿ. ಆದ್ರೆ ನಡೆಯೋದು ಬಂದ ಮೇಲೂ ಊರುಗೋಲು ಕಿತ್ಕೊಳ್ಳದೆ ಇರೋದು ಯಾವ ಪಾಠ?

ಪಟ್ಟಿಯಾಗೇ ಇರೋ ವಿಷಯವನ್ನ ಪಟ್ಟಿಯಾಗೇ ಬರೀರಿ, ಮೂರಿದ್ರೆ ಮೂರು, ಎರಡಿದ್ರೆ ಎರಡು. ಉಳಿದ ಕಡೆ ಪ್ಯಾರಾ ಶುರು ಮಾಡೋ ಮುಂಚೆ ಅದರ ಕೆಲಸ ಏನು ಅಂತ ಕೇಳಿಕೊಳ್ಳಿ. ಒಂದು ಪ್ಯಾರಾ ಕಾರಣ ಹುಡುಕುತ್ತೆ, ಇನ್ನೊಂದು ನಡೆದ ಘಟನೆ ಹೇಳುತ್ತೆ, ಮತ್ತೊಂದು ಎದುರುವಾದಕ್ಕೆ ಉತ್ತರ ಕೊಡುತ್ತೆ. ಕೆಲಸ ಬೇರೆ ಆದ್ರೆ ಆಕಾರವೂ ಬೇರೆ ಆಗಲೇಬೇಕು.

ಈ ವಾರ ಬರೆದ ಪ್ರಬಂಧ ನಿಮ್ಮ ಬ್ಯಾಗಿನಲ್ಲಿದ್ರೆ ತೆಗೀರಿ. "ಹೀಗೆ" ಅಂತ ಶುರುವಾಗೋ ಸಾಲುಗಳನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದುಹಾಕಿ. ಖಾಲಿಯಾದ ಜಾಗದಲ್ಲಿ ನಿಮಗೆ ಗೊತ್ತಿರೋ ಇನ್ನೊಂದು ಸಂಗತಿ ಬರೀರಿ. ಎಷ್ಟು ಸಾಲು ಹೋಯ್ತು ಅಂತ ಕೆಳಗೆ ಹಾಕಿ.

#ಪ್ರಬಂಧ #ಕನ್ನಡಬರವಣಿಗೆ #ಅಚ್ಚುಬಿಡಿ