ಹದಿನಾರು ಎಂಬಿ ಇಪ್ಪತ್ತನ್ನು ಮೀರಿದ ಲೆಕ್ಕ

ಪುಣೆಯ ಕನ್ನಡ ಸಂಘವೊಂದರ ಕಾರ್ಯದರ್ಶಿಗಳು ಮೊನ್ನೆ ಫೋನ್ ಮಾಡಿದ್ದರು. ರಾಜ್ಯೋತ್ಸವದ ಸ್ಮರಣ ಸಂಚಿಕೆಯ ಪಿಡಿಎಫ್ ಅನ್ನು ಹುಬ್ಬಳ್ಳಿಯ ಮುದ್ರಣಾಲಯಕ್ಕೆ ಇಮೇಲ್ ಮಾಡಿದರೆ ಎರಡು ಸಲವೂ ವಾಪಸ್ ಬಂದಿದೆ. "ಫೈಲು 16 ಎಂಬಿ ಅದ. ಅವರ ಸರ್ವರ್ 20 ಎಂಬಿ ತನಕಾ ತಗೊಳ್ತದಂತ. ಜಿಮೇಲ್ 25 ಬಿಡ್ತದ. ಮತ್ತ ಯಾಕ ಬರಾಕತ್ತೈತ್ರಿ ವಾಪಸ್?" ಅಂತ ಅವರ ಪ್ರಶ್ನೆ. ವಾಪಸ್ ಬಂದ ಪತ್ರದೊಳಗೆ ಈ ಸಾಲಿತ್ತು:

```
552 5.3.4 Message size exceeds fixed limit
```

ಸರ್ವರ್ ಸುಳ್ಳು ಹೇಳಿಲ್ಲ. ಅದು ಅಳೆಯುವುದು ನಮ್ಮ ಫೈಲನ್ನಲ್ಲ, ಫೈಲನ್ನು ಹೊತ್ತ ಇಡೀ ಪತ್ರವನ್ನು. ಇಮೇಲ್ ಹುಟ್ಟಿದ್ದು ಬರಿಯ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸಲಿಕ್ಕೆ. ಫೋಟೋ, ಪಿಡಿಎಫ್‌ಗಳನ್ನು ಅದರಲ್ಲಿ ಕಳಿಸಲು 1992ರಲ್ಲಿ ಬಂದ ಮೈಮ್ ಎಂಬ ಕ್ರಮ ಒಂದು ಉಪಾಯ ಮಾಡಿತು: ಫೈಲಿನ ಪ್ರತಿ ಮೂರು ಬೈಟುಗಳನ್ನು ನಾಲ್ಕು ಸಾದಾ ಅಕ್ಷರಗಳಾಗಿ ಬರೆಯುವುದು. ಬೇಸ್64 ಅಂತ ಇದರ ಹೆಸರು. ಆ ಕಡೆ ತಲುಪಿದ ಮೇಲೆ ಮತ್ತೆ ಮೂರಕ್ಕೆ ಇಳಿಯುವುದರಿಂದ ಈ ಉಬ್ಬರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹದಿನಾರನ್ನು ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ 21.3 ಆಯಿತು. ಪ್ರತಿ 76 ಅಕ್ಷರಕ್ಕೊಮ್ಮೆ ಸಾಲು ಮುರಿಯುವುದರಿಂದ ಇನ್ನಷ್ಟು ಸೇರಿ 22ರ ಹತ್ತಿರ ಬರುತ್ತದೆ. ಮುದ್ರಣಾಲಯದ ಬಾಗಿಲು 20ರದು. ಹೀಗಾಗಿ ಮಿತಿ ಎಷ್ಟೇ ಹೇಳಲಿ, ಅದರ ಮುಕ್ಕಾಲಿಗಿಂತ ತುಸು ಕಡಿಮೆ ಅಂತಲೇ ಇಟ್ಟುಕೊಳ್ಳಬೇಕು: 20 ಎಂದರೆ 14, 10 ಎಂದರೆ 7. ಇನ್ನೊಂದು ಮಾತು, ಪತ್ರ ನಮ್ಮ ಕಡೆಯ ಮತ್ತು ಅವರ ಕಡೆಯ ಎರಡೂ ಬಾಗಿಲು ದಾಟಬೇಕು. ಫೈಲು ಲಗತ್ತಿಸುವಾಗಲೇ ತಕರಾರು ಬಂದರೆ ನಮ್ಮ ಮಿತಿ ಮೀರಿದೆ; ಕಳಿಸಿದ ಮೇಲೆ ಹೀಗೆ ವಾಪಸ್ ಬಂದರೆ ಸಾಮಾನ್ಯವಾಗಿ ಆ ಕಡೆಯದು. ಆಗ ನಮ್ಮ ಕಡೆಯಿಂದ ಮತ್ತೆ ಮತ್ತೆ ಕಳಿಸಿ ಪ್ರಯೋಜನವಿಲ್ಲ.

ಕಾರ್ಯದರ್ಶಿಗಳು ಜಿಪ್ ಮಾಡಿಯೂ ನೋಡಿದ್ದರು. 16 ಇದ್ದದ್ದು 15.8 ಆಯಿತಂತೆ. ಸ್ಮರಣ ಸಂಚಿಕೆಯ ತೂಕವೆಲ್ಲ ಫೋಟೋಗಳದು, ಅವು ಜೆಪೆಗ್ ಆಗಿ ಮೊದಲೇ ಹಿಂಡಿಟ್ಟ ಬಟ್ಟೆ. ಮತ್ತೆ ಹಿಂಡಿದರೆ ನೀರು ಬರುವುದಿಲ್ಲ. ಪಿಡಿಎಫ್ ಅನ್ನೇ ಕುಗ್ಗಿಸಿಕೊಡುವ ತಾಣಗಳಿವೆ, ನಿಜ. ಅವು ಚಿತ್ರಗಳ ರೆಸಲ್ಯೂಶನ್ ಇಳಿಸಿ ಕುಗ್ಗಿಸುತ್ತವೆ. ತೆರೆಯ ಮೇಲೆ ಚೆಂದವೇ ಕಾಣುತ್ತದೆ, ಆದರೆ ಒಳ್ಳೆಯ ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು. ಅಧ್ಯಕ್ಷರ ಮುಖ ಮಸುಕಾದ ಮೇಲೆ ಸಭೆಯಲ್ಲಿ ಉತ್ತರ ಕೊಡುವವರು ಯಾರು? ವಾಟ್ಸಾಪಿನಲ್ಲಿ ಫೋಟೋವನ್ನು ಫೋಟೋ ಆಗಿ ಕಳಿಸಿದರೂ ಇದೇ ಕಥೆ. ಅಲ್ಲಿಯೇ 'Document' ಎಂದು ಆರಿಸಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ, 2 ಜಿಬಿ ತನಕ.

ನಾನು ಹೇಳಿದ್ದು ಗೂಗಲ್ ಡ್ರೈವ್. ಫೈಲನ್ನು ಅಲ್ಲಿಟ್ಟು, ಪತ್ರದಲ್ಲಿ ಕೊಂಡಿ ಮಾತ್ರ ಕಳಿಸುವುದು. ಪತ್ರ ಕೆಲವೇ ಕೆಬಿ ಆಗುತ್ತದೆ, ಯಾವ ಸರ್ವರೂ ತಡೆಯುವುದಿಲ್ಲ. ಹೆಚ್ಚಿನವರು ಎಡವುವುದು ಅನುಮತಿಯಲ್ಲಿ. ಡ್ರೈವಿಗೆ ಏರಿಸಿದ ಫೈಲು ಸಾಮಾನ್ಯವಾಗಿ 'Restricted' ಆಗಿರುತ್ತದೆ. ಕೊಂಡಿ ಒತ್ತಿದ ಮುದ್ರಕರಿಗೆ 'You need access' ಅಂತ ಕಾಣುತ್ತದೆ, ಅವರು ಕೇಳಿಕೊಂಡ ಪತ್ರ ನಮ್ಮ ಇನ್‌ಬಾಕ್ಸಿನಲ್ಲಿ ಬಿದ್ದಿರುತ್ತದೆ, ಎರಡು ದಿನ ಹೋಗುತ್ತದೆ. 'Share' ಒತ್ತಿ 'Anyone with the link', ಅದರ ಪಕ್ಕದಲ್ಲಿ 'Viewer' ಎಂದಿಡಬೇಕು. ಕಳಿಸುವ ಮೊದಲು ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಆ ಕೊಂಡಿಯನ್ನು ತೆರೆದು ನೋಡಿ: ಅಲ್ಲಿ ನಾವೂ ಅಪರಿಚಿತರೇ, ಆದ್ದರಿಂದ ನಮಗೆ ತೆರೆದರೆ ಅವರಿಗೂ ತೆರೆಯುತ್ತದೆ. ಸದಸ್ಯರ ಫೋನ್ ನಂಬರಿನ ಪಟ್ಟಿಯಂಥದ್ದಾದರೆ ಮಾತ್ರ ಹೀಗೆ ಎಲ್ಲರಿಗೂ ತೆರೆದಿಡಬೇಡಿ. ಪಡೆಯುವವರ ಇಮೇಲ್ ವಿಳಾಸವನ್ನೇ 'Share'ನಲ್ಲಿ ಸೇರಿಸಿ.

ಕೊಂಡಿಯಿಂದ ಇನ್ನೊಂದು ಲಾಭ ಅದೇ ಸಂಜೆ ಗೊತ್ತಾಯಿತು. ಮುಖಪುಟದ ಒಳಬದಿಯ ಜಾಹೀರಾತಿನಲ್ಲಿ ಅಂಗಡಿಯ ಹೆಸರು ತಪ್ಪಾಗಿತ್ತು. ತಿದ್ದಿದ ಪಿಡಿಎಫ್ ಅನ್ನು ಹೊಸದಾಗಿ ಏರಿಸದೆ, ಹಳೆಯ ಫೈಲಿನ 'Manage versions'ನಲ್ಲಿ ಹಾಕಿಸಿದೆ. ಕೊಂಡಿ ಬದಲಾಗಲಿಲ್ಲ, 'ಫೈನಲ್', 'ಹೊಸ ಫೈನಲ್' ಎಂಬ ಗೊಂದಲವೂ ಇಲ್ಲ. ಆದರೆ ಮುದ್ರಕರು ಹಳೆಯದನ್ನು ಆಗಲೇ ಇಳಿಸಿಕೊಂಡಿದ್ದರೆ ಅದು ತಾನಾಗಿ ಬದಲಾಗುವುದಿಲ್ಲ. ಅದಕ್ಕೇ ಫೋನ್ ಮಾಡಿ, ಅವರ ಕಂಪ್ಯೂಟರಿನಲ್ಲಿ ಫೈಲಿನ 'Properties' ತೆರೆಸಿ, ಬೈಟುಗಳ ಪೂರ್ತಿ ಸಂಖ್ಯೆಯನ್ನು ಓದಿಸಿಕೊಂಡೆವು. ಕೊನೆಯ ಅಂಕಿಯ ತನಕ ತಾಳೆಯಾಯಿತು.

ಒಂದೇ ತೊಂದರೆ. ಜಿಮೇಲ್, ಫೋಟೋ, ಡ್ರೈವ್ ಮೂರಕ್ಕೂ ಸೇರಿ ಉಚಿತವಾಗಿ ಸಿಗುವ ಜಾಗ 15 ಜಿಬಿ. ತುಂಬಿತೆಂದು ಆ ಫೈಲನ್ನು ಅಳಿಸಿದರೆ ಕೊಂಡಿಯೂ ಸತ್ತಂತೆ. ಸಂಚಿಕೆ ಅಚ್ಚಾಗಿ ಪುಣೆಗೆ ಬರುವ ತನಕ ಅದನ್ನು ಮುಟ್ಟಬೇಡಿರೆಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ.