ಮನ್ನಾ ಕೇಳುವ ಮೊದಲು ತಾರೀಖು ನೋಡಿ

2021ರ ಜುಲೈ 22 ಮತ್ತು 23ರ ಮಳೆಯನ್ನು ಯಲ್ಲಾಪುರ ತಾಲ್ಲೂಕು ಮರೆತಿಲ್ಲ. ಕಳಚೆಯಲ್ಲಿ ಗುಡ್ಡ ಜಾರಿತು, ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿದು ಸಂಚಾರ ನಿಂತಿತು, ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಹೊತ್ತೊಯ್ದಿತು. ಅಂಥ ದಿನಗಳಲ್ಲೂ ನಿಲ್ಲದೆ ಓಡುವುದು ಬಿಲ್ಲಿನ ಕೊನೆಯ ತಾರೀಖು. ಅಷ್ಟು ದೊಡ್ಡ ಮಳೆಯೇ ಬೇಕೆಂದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಪ್ರತಿ ಮಳೆಗಾಲವೂ ಲೈನಿನ ಮೇಲೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಬ್ಯಾಟರಿ ಮುಗಿದ ಮೇಲೆ ಮೊಬೈಲ್ ಟವರ್ ಕೂಡ ಸುಮ್ಮನಾಗುತ್ತದೆ. ಪೇಟೆಗೆ ಹೋಗಲು ದಾರಿಯಿಲ್ಲ, ಮನೆಯಿಂದ ಕಟ್ಟಲು ನೆಟ್‌ವರ್ಕ್ ಇಲ್ಲ. ಆಮೇಲೆ ಬರುವ ಬಿಲ್ಲಿನಲ್ಲಿ ಬಾಕಿಗೆ ಬಡ್ಡಿ ಸೇರಿರುತ್ತದೆ. ಗ್ರಾಹಕ ಹೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ ತನ್ನ ಕಷ್ಟ ಹೇಳಿಕೊಳ್ಳುತ್ತಾನೆ. ಕೌಂಟರಿನವರು ಮರುಗುತ್ತಾರೆ, ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ ಎನ್ನುತ್ತಾರೆ. ಇಬ್ಬರ ಮಾತೂ ನಿಜ, ಆದರೆ ಕೆಲಸ ಮಾತ್ರ ಆಗುವುದಿಲ್ಲ. ಇದಕ್ಕೆ ಸಿಬ್ಬಂದಿಯ ಕಲ್ಲುಮನಸ್ಸು ಕಾರಣವೆಂದು ನನಗನ್ನಿಸುವುದಿಲ್ಲ. ಕೇಳಬೇಕಾದದ್ದನ್ನು ಕೇಳಬೇಕಾದಲ್ಲಿ ಕೇಳುತ್ತಿಲ್ಲ ಎಂಬುದೇ ಮುಖ್ಯ ಕಾರಣ.

ವಿದ್ಯುತ್ ಬಿಲ್ಲಿನ ಬಾಕಿ ಬಡ್ಡಿ ಹೆಸ್ಕಾಂ ತಾನಾಗಿ ಹಾಕಿದ ದಂಡವಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ದರ ನಿಗದಿ ಮಾಡುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ತಡವಾದ ಮೊತ್ತಕ್ಕೆ ತಿಂಗಳಿಗೆ ಶೇ 1ರಂತೆ, ತಡವಾದ ದಿನಗಳನ್ನು ಎಣಿಸಿ ಬಡ್ಡಿ ಹಾಕಬೇಕೆಂಬುದು ಆಯೋಗದ ಆದೇಶದೊಳಗಿನ ಷರತ್ತು. ಆಯೋಗ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡುವ ಅಧಿಕಾರ ಕಂಪನಿಗೆ ಹೇಗೆ ಇಲ್ಲವೋ, ಒಬ್ಬ ಗ್ರಾಹಕನ ಮುಖ ನೋಡಿ ಕಡಿಮೆ ಮಾಡುವ ಅಧಿಕಾರ ಶಾಖಾಧಿಕಾರಿಗೂ ಹಾಗೇ ಇಲ್ಲ. ಇರಬಾರದೆಂಬುದೇ ಸರಿ. ಇದ್ದಿದ್ದರೆ ಮನ್ನಾ ಆಗುತ್ತಿದ್ದುದು ಗುರುತು ಪರಿಚಯ ಇದ್ದವರಿಗೆ ಮಾತ್ರ. ಆದರೆ ಅದೇ ಕಚೇರಿಗೆ ಇನ್ನೊಂದು ಕೆಲಸದ ಹೊಣೆಯಿದೆ: ಬಿಲ್ಲು ತಪ್ಪಾಗಿದ್ದರೆ ತಿದ್ದುವುದು. ದಯೆ ತೋರಿ ಎಂದು ಬರೆದ ಅರ್ಜಿ ಫೈಲಿನಲ್ಲಿ ಮಲಗುತ್ತದೆ. ತಡವನ್ನು ಎಣಿಸಿದ ರೀತಿ ತಪ್ಪು, ಇಂಥ ತಾರೀಖಿನಿಂದ ಎಣಿಸಬೇಕು ಎಂದು ಬರೆದ ಅರ್ಜಿಗೆ ಲೆಕ್ಕದ ವಿಭಾಗ ಉತ್ತರ ಕೊಡಲೇಬೇಕಾಗುತ್ತದೆ.

ಹಾಗಾಗಿ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ತಡ ಹುಟ್ಟಿದ್ದು ಎಲ್ಲಿ ಎಂಬುದನ್ನು. ಬಿಲ್ಲು ಕೈಸೇರುವಲ್ಲೇ ಹುಟ್ಟಿರಬಹುದು. ಹಣ ಕಟ್ಟಲು ಕೊಡುವ ಅವಧಿ, ಸಾಮಾನ್ಯವಾಗಿ ಹದಿನೈದು ದಿನ, ಬಿಲ್ಲು ಕೊಟ್ಟ ದಿನದಿಂದ ಲೆಕ್ಕಕ್ಕೆ ಬರುತ್ತದೆ. ಮೀಟರ್ ಓದುವವರು ಹಳ್ಳ ದಾಟಲಾರದೆ ಹಿಂತಿರುಗಿ, ಸರಾಸರಿ ಲೆಕ್ಕದಲ್ಲಿ ಬಿಲ್ಲು ಮಾಡಿ, ಅದು ಹತ್ತು ದಿನ ಬಿಟ್ಟು ಮನೆ ಸೇರಿದರೆ ಆ ಹತ್ತು ದಿನ ಗ್ರಾಹಕನ ತಡವಾಗುವುದಿಲ್ಲ. ಇಲ್ಲಿ ಮನ್ನಾದ ಪ್ರಶ್ನೆಯೇ ಇಲ್ಲ, ಕೊನೆಯ ತಾರೀಖನ್ನು ಸರಿಪಡಿಸಿ ಎಂದು ಕೇಳಬೇಕು. ಬಿಲ್ಲು ಕೈಗೆ ಬಂದ ದಿನವೇ ಅದರ ಮೇಲೆ ತಾರೀಖು ಬರೆದಿಟ್ಟುಕೊಂಡು, ಕಚೇರಿಗೆ ಎರಡು ಸಾಲು ಬರೆದು ಸ್ವೀಕೃತಿ ಪಡೆದಿದ್ದರೆ ವಾದಕ್ಕೆ ಆಧಾರ ಸಿಗುತ್ತದೆ. ತಿಂಗಳ ಮೇಲೆ ನೆನಪಿನಿಂದ ಹೇಳಿದ ತಾರೀಖಿಗೆ ಆ ಬೆಲೆ ಇರುವುದಿಲ್ಲ.

ಹಣ ದಾರಿಯಲ್ಲಿ ಸಿಕ್ಕಿಬೀಳುವುದು ಇನ್ನೊಂದು ಬಗೆ. ನೆಟ್‌ವರ್ಕ್ ಹೋಗಿ ಬಂದು ಮಾಡುವ ಊರುಗಳಲ್ಲಿ ಇದು ಹೊಸದೇನಲ್ಲ. ಫೋನಿನಿಂದ ಕಟ್ಟಿದ್ದಾಗಿದೆ, ಖಾತೆಯಿಂದ ಹಣ ಹೋಗಿದೆ, ಬಿಲ್ಲು ಮಾತ್ರ ಬಾಕಿ ಎಂದೇ ತೋರಿಸುತ್ತದೆ. ಇದಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಇದೆ. ಯುಪಿಐ ಮೂಲಕ ವ್ಯಾಪಾರಿಗೆ ಕಟ್ಟಿದ ಹಣಕ್ಕೆ ಖಚಿತತೆ ಸಿಗದಿದ್ದರೆ ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು. ಅಲ್ಲಿಂದ ಮುಂದೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು, ಗ್ರಾಹಕ ದೂರು ಕೊಡಲೆಂದು ಕಾಯದೆ, ಬ್ಯಾಂಕೇ ಕೊಡಬೇಕು. ಹಣ ಖಾತೆಯಿಂದ ಹೋದ ದಿನ ಮತ್ತು ವಹಿವಾಟಿನ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಿದರೆ ಗ್ರಾಹಕ ಸಮಯಕ್ಕೆ ಕಟ್ಟಲು ಹೊರಟಿದ್ದಕ್ಕೆ ಸಾಕ್ಷಿಯಾಗುತ್ತದೆ. ಆ ಸುತ್ತೋಲೆಯ ರೀತಿಯನ್ನು ಗಮನಿಸಬೇಕು. ತಡ ಸೇವೆ ಕೊಡುವವರ ಕಡೆಯದಾದಾಗ ನಿಯಮವೇ ತಾನಾಗಿ ಕೆಲಸ ಮಾಡುತ್ತದೆ, ಯಾರೂ ಯಾರನ್ನೂ ಬೇಡಬೇಕಿಲ್ಲ.

ಕಷ್ಟ ಇರುವುದು ಮೂರನೆಯ ಬಗೆಯಲ್ಲಿ: ಬಿಲ್ಲು ಸಮಯಕ್ಕೆ ಬಂದಿದೆ, ಹಣವೂ ಇದೆ, ಕಟ್ಟುವವನೇ ಸಿಕ್ಕಿಬಿದ್ದಿದ್ದಾನೆ. ಗುಳ್ಳಾಪುರದ ಹೊಳೆಯಾಚೆ ಒಂದು ಹಿಟ್ಟಿನ ಗಿರಣಿ ಇದೆ ಎಂದಿಟ್ಟುಕೊಳ್ಳಿ. ಜುಲೈ 10ರಂದು 4,000 ರೂಪಾಯಿ ಬಿಲ್ಲು ಬಂತು, ಕೊನೆಯ ದಿನ 25. ಸೇತುವೆ ಹೋದದ್ದು 23ಕ್ಕೆ. ಆಗಸ್ಟ್ 3ಕ್ಕೆ ಫೋನು ಮತ್ತೆ ಸಿಗತೊಡಗಿತು, ಗಿರಣಿಯವರು ಕಟ್ಟಿದ್ದು 14ಕ್ಕೆ. ಇಪ್ಪತ್ತು ದಿನದ ತಡ, ಬಡ್ಡಿ 27 ರೂಪಾಯಿಯ ಒಳಗೆ. ಇದರಲ್ಲಿ ಅನಿವಾರ್ಯವಾದದ್ದು ಜುಲೈ 25ರಿಂದ ಆಗಸ್ಟ್ 3ರವರೆಗಿನ ಒಂಬತ್ತು ದಿನ, ಅಂದರೆ 12 ರೂಪಾಯಿಯ ಬಡ್ಡಿ. ಫೋನು ಸಿಕ್ಕ ಮೇಲಿನ ಹನ್ನೊಂದು ದಿನದ ತಡ ಗಿರಣಿಯವರದೇ. ಇಪ್ಪತ್ತೂ ದಿನದ ಮನ್ನಾ ಕೇಳಿದರೆ ಕಚೇರಿಯವರು ಆ ಹನ್ನೊಂದು ದಿನದ ಮೇಲೆ ಬೆರಳಿಟ್ಟು ಇಡೀ ಅರ್ಜಿಯನ್ನೇ ಬದಿಗಿಡುತ್ತಾರೆ. ಒಂಬತ್ತು ದಿನವನ್ನಷ್ಟೇ ಕೇಳಿ, ಸೇತುವೆ ಹೋದದ್ದಕ್ಕೆ ಪಂಚಾಯತಿಯ ಪತ್ರ, ಕರೆಂಟು ಹೋದದ್ದಕ್ಕೆ 1912ಕ್ಕೆ ಕೊಟ್ಟ ದೂರಿನ ಸಂಖ್ಯೆ ಜೋಡಿಸಿದರೆ ಬೇಡಿಕೆಗೆ ತೂಕ ಬರುತ್ತದೆ. ಹಾಗೆ ಮಾಡಿದರೂ ಇಂದಿನ ಷರತ್ತುಗಳಡಿ ಆ 12 ರೂಪಾಯಿಯನ್ನು ಬಿಡುವ ಅಧಿಕಾರ ಉಪವಿಭಾಗಕ್ಕೆ ಇಲ್ಲ. ತಿದ್ದಬೇಕಾದದ್ದು ಇಲ್ಲಿ.

ಹನ್ನೆರಡು ರೂಪಾಯಿಗೆ ಇಷ್ಟು ರಗಳೆ ಯಾಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಲ್ಲಾಪುರ ಪೇಟೆಗೆ ಹೋಗಿಬರುವ ಬಸ್ಸಿನ ಖರ್ಚೇ ಅದಕ್ಕಿಂತ ಹೆಚ್ಚು, ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಿಗೆ ಶೂನ್ಯ ಬಿಲ್ಲು. ಆದರೆ ತಡದ ನಿಜವಾದ ಬೆಲೆ ಬಡ್ಡಿಯಲ್ಲಿಲ್ಲ, ಸಂಪರ್ಕ ಕಡಿತದಲ್ಲಿದೆ. ಬಡ್ಡಿ ಓಡತೊಡಗುವ ತಾರೀಖೇ ಬಾಕಿದಾರನೆಂಬ ಪಟ್ಟಿಗೆ ಹೆಸರು ಸೇರುವ ತಾರೀಖೂ ಹೌದು. ಕಾಯ್ದೆಯ 56ನೇ ಕಲಂ ಪ್ರಕಾರ ಕಡಿತಕ್ಕೆ ಮೊದಲು ಕನಿಷ್ಠ ಹದಿನೈದು ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ದಾರಿ ಮುಚ್ಚಿದ ಊರಿನಲ್ಲಿ ಆ ನೋಟಿಸೂ ಬಿಲ್ಲಿನ ಹಾಗೇ ತಡವಾಗಿ ಮುಟ್ಟಬಹುದು. ಗಿರಣಿಗಾಗಲಿ, ತಂಪುಪೆಟ್ಟಿಗೆ ಇಟ್ಟ ಅಂಗಡಿಗಾಗಲಿ, ಅಡಿಕೆ ಸುಲಿಯುವ ಯಂತ್ರಕ್ಕಾಗಲಿ ಕರೆಂಟು ಕಡಿದರೆ ನಷ್ಟವನ್ನು ಬಡ್ಡಿಯ ಲೆಕ್ಕದಲ್ಲಿ ಅಳೆಯಲು ಬರುವುದಿಲ್ಲ, ಮರುಜೋಡಣೆಯ ಶುಲ್ಕ ಬೇರೆ. ಆದ್ದರಿಂದ ತಕರಾರು ಇದ್ದವರು ಬಿಲ್ಲು ಕಟ್ಟದೆ ಕೂರುವುದು ಜಾಣತನವಲ್ಲ. ಕೇಳಿದ ಮೊತ್ತವನ್ನು, ಇಲ್ಲವೇ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಮೊತ್ತವನ್ನು, ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ವಿವಾದ ತೀರುವ ತನಕ ಕಡಿತ ಮಾಡುವಂತಿಲ್ಲ ಎಂದು ಅದೇ ಕಲಂ ಹೇಳುತ್ತದೆ. ಕಟ್ಟುವಾಗ ಆಕ್ಷೇಪಣೆಯನ್ನು ಬರೆದು ಕೊಡಬೇಕು, ಬಾಯಲ್ಲಿ ಹೇಳಿದರೆ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು. ಮಳೆಯ ಹೆಸರಿನಲ್ಲಿ ವಿನಾಯಿತಿ ಕೊಟ್ಟರೆ ಎಲ್ಲರೂ ಮಳೆಯನ್ನೇ ಮುಂದೆ ಮಾಡುತ್ತಾರೆ, ಸೋರಿದ ಬಡ್ಡಿ ಕೊನೆಗೆ ಸಮಯಕ್ಕೆ ಕಟ್ಟುವವರ ದರಕ್ಕೇ ಸೇರುತ್ತದೆ ಎಂಬ ವಾದ. ದರ ನಿಗದಿಯ ಲೆಕ್ಕದಲ್ಲಿ ಕಂಪನಿಯ ಆದಾಯದ ಕೊರತೆಯನ್ನು ತುಂಬುವವರು ಗ್ರಾಹಕರೇ ಆದ್ದರಿಂದ ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಇಲ್ಲಿ ಗ್ರಾಹಕನ ಮಾತನ್ನು ನಂಬಬೇಕಾದ ಅಗತ್ಯವೇ ಬೀಳುವುದಿಲ್ಲ. ಯಾವ ಫೀಡರ್ ಎಷ್ಟು ಹೊತ್ತು ಬಂದಾಗಿತ್ತು ಎಂಬ ದಾಖಲೆ ಇರುವುದು ಹೆಸ್ಕಾಂ ಬಳಿಯೇ. ರಸ್ತೆ ಬಂದು ಮಾಡಿದ ಆದೇಶ ತಾಲ್ಲೂಕು ಅಥವಾ ಜಿಲ್ಲಾಡಳಿತದ ಕಡತದಲ್ಲಿರುತ್ತದೆ. ಫೀಡರ್ ನಾಲ್ಕು ದಿನ ಸತ್ತಿದ್ದರೆ ಆ ಫೀಡರಿನ ಎಲ್ಲ ಗ್ರಾಹಕರ ಕೊನೆಯ ತಾರೀಖನ್ನು ನಾಲ್ಕು ದಿನ ಮುಂದೂಡಿದರೆ ಅಲ್ಲಿ ಸುಳ್ಳು ಹೇಳಲು ಯಾರಿಗೂ ಜಾಗವಿಲ್ಲ. ಜೊತೆಗೆ ಕಂಪನಿ ಬರಿಗೈಯಲ್ಲೂ ನಿಂತಿಲ್ಲ. ಸುಮಾರು ಎರಡು ತಿಂಗಳ ಬಳಕೆಯಷ್ಟು ಹಣವನ್ನು ಪ್ರತಿ ಗ್ರಾಹಕನಿಂದಲೂ ಭದ್ರತಾ ಠೇವಣಿಯಾಗಿ ಮೊದಲೇ ಇಟ್ಟುಕೊಂಡಿದೆ. ಹತ್ತು ದಿನದ ತಡದಿಂದ ಅದರ ಹಣ ಮುಳುಗುವ ಭಯವಿಲ್ಲ.

ಶುಲ್ಕವನ್ನು ಸೇವೆ ಕೊಡುವವರೇ ನಿಗದಿ ಮಾಡಿದಲ್ಲಿ ಕಥೆ ಬೇರೆ. ಕ್ರೆಡಿಟ್ ಕಾರ್ಡ್ ಕಂಪನಿ, ಖಾಸಗಿ ಇಂಟರ್ನೆಟ್ ಸಂಸ್ಥೆ ತಾವು ಹಾಕಿದ ದಂಡವನ್ನು ತಾವೇ ತೆಗೆಯಬಲ್ಲವು, ಅಲ್ಲಿ ವಿನಂತಿಗೆ ಅರ್ಥವಿದೆ. ಕಾರ್ಡಿನ ವಿಷಯದಲ್ಲಂತೂ ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದಾಗ ಮಾತ್ರ ತಡಶುಲ್ಕ ಹಾಕಬಹುದೆಂದು 2022ರ ರಿಸರ್ವ್ ಬ್ಯಾಂಕ್ ನಿರ್ದೇಶನವಿದೆ. ಮೊದಲು ಬಾಕಿ ಕಟ್ಟಿ, ಆಮೇಲೆ ತಾರೀಖಿನ ಸಮೇತ ಬರೆದು ಕೇಳಿದರೆ, ಹಿಂದೆ ಸರಿಯಾಗಿ ಕಟ್ಟಿದವರಿಗೆ ಒಂದು ಸಲ ಬಿಡುವುದು ಅಪರೂಪವಲ್ಲ. ಶುಲ್ಕ, ಅದರ ಮೇಲಿನ ಜಿಎಸ್‌ಟಿ, ಬಡ್ಡಿ ಮೂರೂ ಬೇರೆ ಬೇರೆ ಬಾಬ್ತು ಎಂಬುದನ್ನು ಮರೆಯಬಾರದು. ಶುಲ್ಕ ಹೋಯಿತೆಂದು ಬಡ್ಡಿ ಹೋಗಿರುವುದಿಲ್ಲ.

ವಿದ್ಯುತ್ತಿನಲ್ಲಿ ಇಂಥ ವಿನಾಯಿತಿ ಮೇಲಿನಿಂದ ಬಂದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2020ರ ಮೇ ತಿಂಗಳಲ್ಲಿ, ಕೊರೊನಾ ಬಂದ್‌ನ ನಡುವೆ, ರಾಜ್ಯ ಸರ್ಕಾರ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಎರಡು ತಿಂಗಳ ನಿಗದಿತ ಶುಲ್ಕವನ್ನು ಮನ್ನಾ ಮಾಡಿತು. ದೊಡ್ಡ ಉದ್ದಿಮೆಗಳಿಗೆ ಅದನ್ನು ದಂಡವೂ ಬಡ್ಡಿಯೂ ಇಲ್ಲದೆ ಮುಂದೂಡಿತು. ಯಾವ ಕಾರ್ಖಾನೆಯವರೂ ಉಪವಿಭಾಗದ ಕೌಂಟರಿನಲ್ಲಿ ಕಷ್ಟ ಹೇಳಿಕೊಳ್ಳಬೇಕಾಗಲಿಲ್ಲ. ರಾಜ್ಯವೆಲ್ಲ ಒಂದೇ ಸಲ ನಿಂತಾಗ ಸಾಧ್ಯವಾದದ್ದು, ಘಟ್ಟದ ನಾಲ್ಕು ಹಳ್ಳಿ ನಿಂತಾಗ ಆಗುವುದಿಲ್ಲ ಎನ್ನಲು ತಾಂತ್ರಿಕ ಕಾರಣವಿಲ್ಲ. ಸಣ್ಣ ಊರಿನ ಸಂಕಟ ಆದೇಶವಾಗುವಷ್ಟು ದೊಡ್ಡದಾಗಿ ಕಾಣುವುದಿಲ್ಲ, ಅಷ್ಟೇ. ಹೆಸ್ಕಾಂ ದರ ಪರಿಷ್ಕರಣೆಯ ಅರ್ಜಿ ಹಾಕಿದಾಗಲೆಲ್ಲ ಕೆಇಆರ್‌ಸಿ ಸಾರ್ವಜನಿಕರಿಂದ ಲಿಖಿತ ಆಕ್ಷೇಪಣೆ ಕರೆಯುತ್ತದೆ, ವಿಚಾರಣೆಯನ್ನೂ ನಡೆಸುತ್ತದೆ. ಅಲ್ಲಿ ಮಂಡನೆಯಾಗುವುದು ಹೆಚ್ಚಾಗಿ ಯೂನಿಟ್ಟಿಗೆ ಇಷ್ಟು ಪೈಸೆ ಏರಿಸಬೇಡಿ ಎಂಬ ಮಾತು. ಫೀಡರ್ ಬಂದಾದ ಅಥವಾ ಜಿಲ್ಲಾಡಳಿತ ದಾರಿ ಮುಚ್ಚಿದ ದಿನಗಳನ್ನು ಪಾವತಿಯ ಅವಧಿಯಿಂದ ತಾನಾಗಿ ಕಳೆಯಬೇಕು, ಆ ಅವಧಿಯಲ್ಲಿ ಕಡಿತದ ನೋಟಿಸ್ ಜಾರಿಯಾಗಬಾರದು ಎಂಬ ಒಂದು ಷರತ್ತನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಪಂಚಾಯತಿಗಳೂ ಸಹಕಾರಿ ಸಂಘಗಳೂ ಹಿಂದಿನ ಮಳೆಗಾಲದ ತಾರೀಖುಗಳ ಪಟ್ಟಿಯೊಂದಿಗೆ ಅಲ್ಲಿ ಮುಂದಿಡಬಹುದು.